ಕೆವೈಸಿ ತಿರಸ್ಕಾರ: ತೊಂದರೆ ಸೆಲ್ಫಿಯದಲ್ಲ, ಹೆಸರಿನದು

“ಸೆಲ್ಫಿ ನಾಲ್ಕು ಸಲ ತೆಗೆದರೂ ಬ್ಯಾಂಕ್ ಆ್ಯಪ್‌ನಲ್ಲಿ ಕೆವೈಸಿ ತಿರಸ್ಕೃತ. ಆಧಾರ್‌ನಲ್ಲಿ ಮಂಜುನಾಥ ಎಚ್ ಎಸ್, ಪ್ಯಾನ್‌ನಲ್ಲಿ ಹಾಸನ ಶಿವಣ್ಣ ಮಂಜುನಾಥ. ಏನು ಮಾಡಲಿ?”

ಸೆಲ್ಫಿಗಿಂತ ಹೆಸರಿನ ವ್ಯತ್ಯಾಸವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕಾಗುತ್ತದೆ, ಆಧಾರ್‌ನಲ್ಲಿ ಹಾಗಿಲ್ಲ. ನಮ್ಮ ಕಡೆಯ ಹೆಸರುಗಳು ಸಿಕ್ಕಿಬೀಳುವುದು ಇಲ್ಲಿಯೇ.

ಮೊದಲು ಪ್ಯಾನ್ ಕಾರ್ಡನ್ನೇ ದಾಖಲೆಯಾಗಿ ಕೊಟ್ಟು, ಆಧಾರ್ ಕೇಂದ್ರದಲ್ಲಿ ಹೆಸರನ್ನು ಪ್ಯಾನ್‌ನಲ್ಲಿರುವಂತೆಯೇ ತಿದ್ದಿಸಿ. ಹೆಸರು ಬದಲಿಸಲು ಜೀವಮಾನದಲ್ಲಿ ಸಾಮಾನ್ಯವಾಗಿ 2 ಅವಕಾಶಗಳು ಮಾತ್ರ ಇರುವುದರಿಂದ, ಸ್ವೀಕೃತಿ ಚೀಟಿಯ ಇಂಗ್ಲಿಷ್ ಕಾಗುಣಿತವನ್ನು ಅಲ್ಲಿಯೇ ಅಕ್ಷರಕ್ಷರ ಓದಿ ನೋಡಿ. ತಿದ್ದುಪಡಿ ಆಗುವವರೆಗೆ ಆ್ಯಪ್‌ನಲ್ಲಿ ಮತ್ತೆ ಪ್ರಯತ್ನಿಸಬೇಡಿ.

ಅನಂತರ ಲೆನ್ಸ್ ಒರೆಸಿ, ಕನ್ನಡಕ ತೆಗೆದು, ಕಿಟಕಿಗೆ ಮುಖಮಾಡಿ ಸೆಲ್ಫಿ ತೆಗೆಯಿರಿ. ಎರಡರಲ್ಲೂ ಹೆಸರು ಹೊಂದಿಕೆಯಾದ ಮೇಲೂ ತಿರಸ್ಕೃತವಾದರೆ, ಎರಡೂ ಕಾರ್ಡುಗಳೊಂದಿಗೆ ಶಾಖೆಗೆ ಹೋಗಿ ಕೆವೈಸಿ ಮಾಡಿಸಿ.