ಕಾಂಕ್ರೀಟ್ ಲೆಕ್ಕದಲ್ಲಿ 1.54 ಯಾಕೆ?

ಬೆಂಗಳೂರಲ್ಲಿ ಮನೆ ಕಟ್ಟಿಸ್ತಿದ್ದೀನಿ. 1 ಘನ ಮೀಟರ್ ಕಾಂಕ್ರೀಟಿಗೆ ಒಣ ಸಾಮಾನು 1.54 ಘನ ಮೀಟರ್ ಯಾಕೆ ಬೇಕು?

ಒಣ ಸಾಮಾನು ಅಳೆಯುವಾಗ ಅದರೊಳಗಿನ ಗಾಳಿಯನ್ನೂ ಅಳೆದಿರುತ್ತೀರಿ. ಬಾಂಡ್ಲಿ ತುಂಬಾ ಜಲ್ಲಿ ಹಾಕಿ ನೀರು ಸುರಿದು ನೋಡಿ, ಎಷ್ಟೊಂದು ಹಿಡಿಯುತ್ತೆ ಅಲ್ವಾ? ಹೆಚ್ಚುಕಡಿಮೆ ಅರ್ಧ ಬರೀ ಸಂದಿ. ಕಲಸಿದಾಗ ಆ ಸಂದಿಗೆ ಎಂ-ಸ್ಯಾಂಡ್ ಇಳಿಯುತ್ತದೆ, ಮರಳಿನ ಸಂದಿಗೆ ಸಿಮೆಂಟು ಮತ್ತು ನೀರು. ಗಾಳಿ ಹೊರಬಿದ್ದು ರಾಶಿ ಕುಗ್ಗುತ್ತದೆ.

ಸಿಮೆಂಟು, ಮರಳು, ಜಲ್ಲಿ 1:1.5:3 ಇರುವ ಮಿಶ್ರಣ ತಗೊಳ್ಳಿ, ಒಟ್ಟು 5.5 ಭಾಗ. 1.54 ÷ 5.5 = 0.28 ಘನ ಮೀಟರ್ ಸಿಮೆಂಟು, ಅಂದರೆ ಘನ ಮೀಟರಿಗೆ 1440 ಕೆಜಿ ಲೆಕ್ಕದಲ್ಲಿ ಸುಮಾರು 403 ಕೆಜಿ, 50 ಕೆಜಿಯ 8 ಮೂಟೆ. ಸುಮ್ನೆ 1 ÷ 5.5 ಮಾಡಿದರೆ 5 ಮೂಟೆ ಚಿಲ್ಲರೆ ಬರುತ್ತದೆ. ಮೋಲ್ಡ್ ಅರ್ಧದಲ್ಲೇ ಸಾಮಾನು ಖಾಲಿ!

1.54 ಅಂದಾಜಷ್ಟೇ. ಒದ್ದೆ ಮರಳು ಉಬ್ಬಿರುತ್ತದೆ, ಡಬ್ಬದಲ್ಲಿ ಅಳೆದರೆ ನಿಜವಾದ ಮರಳು ಕಮ್ಮಿ ಬೀಳುತ್ತದೆ.