‘ಉಡಾಫೆ’ ಎಂದು ಬರೆಯುವ ಮೊದಲು ತೂಕದ ಪುಸ್ತಕ ತೆಗೆಯಿರಿ

ಪ್ರಶ್ನೆ: ಅಡಿಕೆ ಮಾರಾಟದ ಸಹಕಾರ ಸಂಘವೊಂದರ ಶಾಖೆಗೆ ವ್ಯವಸ್ಥಾಪಕಿಯಾಗಿ ಬಂದು ಎರಡು ವರ್ಷವಾಯಿತು. ತೂಕದ ಗುಮಾಸ್ತರು ನನಗಿಂತ ಹದಿನೆಂಟು ವರ್ಷ ದೊಡ್ಡವರು, ಅಣ್ಣಾ ಎಂದೇ ಕರೆಯುತ್ತೇನೆ. ಸುಗ್ಗಿಯಲ್ಲಿ ತೂಕದ ಚೀಟಿಗಳನ್ನು ಅದೇ ದಿನ ಕಂಪ್ಯೂಟರಿಗೆ ಹತ್ತಿಸುವುದಿಲ್ಲ, ಸದಸ್ಯರ ಮೇಲೆ ರೇಗುತ್ತಾರೆ. ವಾರ್ಷಿಕ ಕೆಲಸದ ವರದಿಯಲ್ಲಿ ‘ಉಡಾಫೆ ಸ್ವಭಾವ, ಜವಾಬ್ದಾರಿ ಸಾಲದು, ನಡವಳಿಕೆ ಸುಧಾರಿಸಬೇಕು’ ಎಂದು ಬರೆದೆ. ಕಾರ್ಯದರ್ಶಿಯವರು ‘ಇದರಿಂದ ಏನೂ ತಿಳಿಯುವುದಿಲ್ಲ’ ಎಂದು ವಾಪಸು ಕೊಟ್ಟರು. ಮೃದುವಾಗಿ ಬರೆದರೆ ಸುಳ್ಳಾಗುತ್ತದೆ, ಖಾರವಾಗಿ ಬರೆದರೆ ನಾಳೆ ಮುಖ ನೋಡುವುದು ಹೇಗೆ?
— ತೀರ್ಥಹಳ್ಳಿ ಕಡೆಯ ಓದುಗಿ

ಉತ್ತರ: ಮೃದುವೋ ಖಾರವೋ ಎಂಬುದನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಮೂರು ಮಾತುಗಳಲ್ಲಿ ಒಂದಾದರೂ ಕಣ್ಣಿಗೆ ಕಂಡ ಸಂಗತಿಯೇ ನೋಡಿ. ‘ಉಡಾಫೆ’ ನೀವು ಕಂಡದ್ದಲ್ಲ, ಕಂಡದ್ದರ ಮೇಲೆ ಕೊಟ್ಟ ತೀರ್ಪು. ಕಂಡದ್ದು ಇಷ್ಟೇ: ಚೀಟಿಗಳು ಮರುದಿನಕ್ಕೆ ಉಳಿದವು. ತೀರ್ಪನ್ನು ಓದಿದವರು ‘ನಾನು ಅಂಥವನಲ್ಲ’ ಎಂದು ವಾದಕ್ಕೆ ನಿಲ್ಲುತ್ತಾರೆ. ಚೀಟಿ ಉಳಿದ ಮಾತಾದರೆ ಏಕೆ ಉಳಿಯಿತು ಎಂಬ ಮಾತುಕತೆಗೆ ದಾರಿಯಾಗುತ್ತದೆ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು ಕೆಲಸದ ಬಗ್ಗೆ ಹಿಮ್ಮಾಹಿತಿ ಕೊಟ್ಟು ನೋಡಿದ ಅಧ್ಯಯನಗಳ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಹಿಮ್ಮಾಹಿತಿ ಕೊಟ್ಟ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಗಮನ ಕೆಲಸದಿಂದ ಸರಿದು ‘ನಾನು ಎಂಥವನು’ ಎಂಬ ಕಡೆಗೆ ಹೊರಳಿದಷ್ಟೂ ಪ್ರಯೋಜನ ಕಡಿಮೆಯಾಗುತ್ತದೆ ಎಂಬುದು ಅವರ ವಿವರಣೆ.

ಹಾಗಾಗಿ ಮೊದಲ ಕೆಲಸ ಬರೆಯುವುದಲ್ಲ, ಎಣಿಸುವುದು. ತೂಕದ ಪುಸ್ತಕದ ದಿನಾಂಕವನ್ನೂ ಕಂಪ್ಯೂಟರಿನ ನಮೂದಿನ ದಿನಾಂಕವನ್ನೂ ಪಕ್ಕಪಕ್ಕ ಇಟ್ಟು, ಎರಡೂ ಹೊಂದದ ದಿನಗಳನ್ನು ಒಂದು ಹಾಳೆಯಲ್ಲಿ ಗುರುತು ಮಾಡಿ. ಪ್ರತಿ ದಿನದ ಎದುರು ಅಂದು ಎಷ್ಟು ಚೀಟಿ ಇತ್ತು ಎಂಬುದನ್ನೂ ಬರೆಯಿರಿ. ಈ ಎರಡನೆಯ ಅಂಕಣವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಗುಟ್ಟು ಇರುವುದು ಅದರಲ್ಲೇ.

ಲೆಕ್ಕ ಹೀಗೆ ಬಂತು ಎಂದುಕೊಳ್ಳೋಣ. ಜನವರಿಯಿಂದ ಮಾರ್ಚ್‌ವರೆಗೆ 72 ಕೆಲಸದ ದಿನ. 13 ದಿನ ನಮೂದು ಮರುದಿನಕ್ಕೆ ಹೋಗಿದೆ. 90ಕ್ಕಿಂತ ಹೆಚ್ಚು ಚೀಟಿ ಬಂದ ದಿನಗಳು 12, ಅದರಲ್ಲಿ 10 ದಿನ ತಡ. ಉಳಿದ 60 ದಿನಗಳಲ್ಲಿ ತಡವಾದದ್ದು 3 ದಿನ ಮಾತ್ರ. ಈಗ ‘ಉಡಾಫೆ’ ಎಲ್ಲಿ ನಿಲ್ಲುತ್ತದೆ? ರಾಶಿ ಅಡಿಕೆಯ ಮೂಟೆಗಳು ಅಂಗಳ ತುಂಬಿದ ದಿನ ತೂಕ ಹಾಕುವವರೂ ಅವರೇ, ನಮೂದಿಸುವವರೂ ಅವರೇ ಆಗಿದ್ದರೆ ಆ 10 ದಿನ ಕೈ ಸಾಲದ್ದರ ಕಥೆ. ಅದನ್ನು ಬಗೆಹರಿಸಬೇಕಾದವರು ನೀವು. ಪ್ರಶ್ನಿಸಬೇಕಾದದ್ದು ಉಳಿದ 3 ದಿನ. ಲೆಕ್ಕ ತಿರುಗಾಮುರುಗಾ ಬಂದು, ಚೀಟಿ ಕಡಿಮೆ ಇದ್ದ ದಿನಗಳಲ್ಲೇ ತಡ ಹೆಚ್ಚಿದ್ದರೆ, ಆಗ ಅದು ರೂಢಿ, ಹಾಗೆಂದೇ ಬರೆಯಬೇಕು.

ಇನ್ನೊಂದು ತಪ್ಪು ಸದ್ದಿಲ್ಲದೆ ನುಸುಳುತ್ತದೆ. ವರದಿ ಬರೆಯುವುದು ವರ್ಷದ ಲೆಕ್ಕ ಮುಗಿದ ಏಪ್ರಿಲ್‌ನಲ್ಲಿ, ಸುಗ್ಗಿಯ ಜಂಜಾಟ ತಲೆಯಲ್ಲಿ ಇನ್ನೂ ಹಸಿಯಾಗಿರುವಾಗ. ಮೂರು ತಿಂಗಳ ಸಿಟ್ಟು ಹನ್ನೆರಡು ತಿಂಗಳ ಮೇಲೆ ಹರಡಿಕೊಳ್ಳುತ್ತದೆ. ಮಳೆಗಾಲದ ತಿಂಗಳುಗಳ ಪುಸ್ತಕವನ್ನೂ ತೆಗೆಯಿರಿ. ಅಲ್ಲಿ ತಡವೇ ಇಲ್ಲದಿದ್ದರೆ ಅದೂ ವರದಿಗೆ ಸೇರಬೇಕು.

ಮುಂದೆ, ಇದರಿಂದ ಏನಾಯಿತು ಎಂಬ ಸಾಲು. ‘ಸದಸ್ಯರಿಗೆ ನಷ್ಟವಾಯಿತು’ ಎಂದು ಬರೆಯಬೇಡಿ. ಮುಂದಿನ ಟೆಂಡರಿನಲ್ಲಿ ಧಾರಣೆ ಏರಿದ್ದರೆ ಅವರಿಗೆ ಲಾಭವೇ ಆಗಿರಬಹುದು! ಪುಸ್ತಕ ತೋರಿಸುವಷ್ಟನ್ನೇ ಹೇಳಿ: ಇಂತಿಷ್ಟು ಲಾಟು ಆ ದಿನದ ಟೆಂಡರ್ ಪಟ್ಟಿಗೆ ಸೇರದೆ ಮುಂದಿನದಕ್ಕೆ ಹೋಯಿತು. ಅದೇ ದಿನ ಹತ್ತಿಸಬೇಕು ಎಂದು ನೀವು ಯಾವತ್ತಾದರೂ ಸ್ಪಷ್ಟವಾಗಿ ಹೇಳಿದ್ದಿರೋ ಎಂಬುದನ್ನೂ ನೆನಪಿಸಿಕೊಳ್ಳಿ. ಹೇಳಿಲ್ಲದಿದ್ದರೆ ಈ ವರ್ಷ ಅದನ್ನು ದೋಷವಾಗಿ ಬರೆಯುವಂತಿಲ್ಲ, ಮುಂದಿನ ವರ್ಷದ ನಿರೀಕ್ಷೆಯಾಗಿ ಬರೆಯಬಹುದು.

ರೇಗುವ ವಿಷಯ ಇದಕ್ಕಿಂತ ನಾಜೂಕು, ಏಕೆಂದರೆ ಇದಕ್ಕೆ ಪುಸ್ತಕವಿಲ್ಲ. ನೀವೇ ಕಿವಿಯಾರೆ ಕೇಳಿದ್ದು ಅಥವಾ ಸದಸ್ಯರು ಬರೆದುಕೊಟ್ಟದ್ದು, ಇವೆರಡೇ ಲೆಕ್ಕಕ್ಕೆ. ‘ಜನ ಹೇಳುತ್ತಾರೆ’ ಎಂಬುದು ವರದಿಯಲ್ಲಿ ಬರಕೂಡದು. ದಿನಾಂಕ, ಜಾಗ, ಆಡಿದ ಮಾತು ಇಷ್ಟನ್ನು ಬರೆಯಿರಿ, ಮನಸ್ಸಿನಲ್ಲಿ ಏನಿತ್ತೆಂದು ಊಹಿಸಬೇಡಿ. ‘ಯಾವಾಗಲೂ’ ಎಂಬ ಪದವನ್ನು ಹೊಡೆದುಹಾಕಿ. ಅವರು ಸೌಮ್ಯವಾಗಿ ಮಾತಾಡಿದ ಒಂದೇ ಒಂದು ದಿನವನ್ನು ತೋರಿಸಿದರೂ ನಿಮ್ಮ ಇಡೀ ವಾಕ್ಯ ಬಿದ್ದುಹೋಗುತ್ತದೆ. ತೂಕದಲ್ಲೋ ಹಣದಲ್ಲೋ ವ್ಯತ್ಯಾಸ ಕಂಡಿದ್ದರೆ ಮಾತ್ರ ಅದನ್ನು ಇಲ್ಲಿ ತುರುಕಬೇಡಿ, ಅದು ಬೇರೆ ವಿಚಾರಣೆಯ ವಿಷಯ.

ಮೇಲಿನ ಲೆಕ್ಕವನ್ನೇ ಹಿಡಿದರೆ ಬರಹ ಹೀಗೆ ಇರಬಹುದು:

“ಶ್ರೀಯುತರು ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಎಲ್ಲ ತೂಕದ ಚೀಟಿಗಳನ್ನು ಅದೇ ದಿನ ನಮೂದಿಸಿದ್ದಾರೆ. ಖಾಲಿ ಚೀಲದ ತೂಕ ಕಳೆಯುವುದರಲ್ಲಿ ವರ್ಷವಿಡೀ ಒಂದೂ ತಕರಾರು ಬಂದಿಲ್ಲ.

ಜನವರಿ–ಮಾರ್ಚ್ ಅವಧಿಯ 72 ದಿನಗಳಲ್ಲಿ 13 ದಿನ ನಮೂದು ಮರುದಿನವಾಗಿದೆ. ಇದರಿಂದ 41 ಲಾಟುಗಳು ಮುಂದಿನ ಟೆಂಡರಿಗೆ ಹೋದವು. 13ರಲ್ಲಿ 10 ದಿನ 90ಕ್ಕಿಂತ ಹೆಚ್ಚು ಚೀಟಿಗಳಿದ್ದವು. ಅಂಥ ದಿನ ಮಧ್ಯಾಹ್ನ 3ರಿಂದ ನಮೂದಿಗೆ ಇನ್ನೊಬ್ಬ ಸಿಬ್ಬಂದಿಯನ್ನು ಶಾಖೆಯಿಂದ ಒದಗಿಸಲಾಗುವುದು. ಉಳಿದ ದಿನಗಳಲ್ಲಿ ಸಂಜೆ 6ರೊಳಗೆ ನಮೂದು ಮುಗಿಯಬೇಕು. ಆಗದಿದ್ದರೆ 5 ಗಂಟೆಗೇ ವ್ಯವಸ್ಥಾಪಕರಿಗೆ ತಿಳಿಸಬೇಕು.

ಫೆಬ್ರುವರಿಯಲ್ಲಿ ಎರಡು ಸಲ, ಪಟ್ಟಿ ಕೇಳಿದ ಸದಸ್ಯರಿಗೆ ಕೌಂಟರಿನಲ್ಲಿ ‘ನಾಳೆ ಬಾ, ನನಗೇನು ಬೇರೆ ಕೆಲಸ ಇಲ್ಲವಾ’ ಎಂದು ಏರುದನಿಯಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಪಟ್ಟಿ ಸಿದ್ಧವಿಲ್ಲದಿದ್ದರೆ ಯಾವಾಗ ಸಿಗುತ್ತದೆಂದು ತಿಳಿಸಬೇಕು, ಅಥವಾ ನನ್ನ ಬಳಿ ಕಳಿಸಬೇಕು. ಮುಂದಿನ ಜನವರಿಯ ಕೊನೆಯ ವಾರ ಇಬ್ಬರೂ ಕೂತು ನೋಡುವುದು.”

ದಿನಾಂಕಗಳನ್ನು ನಿಮ್ಮ ಟಿಪ್ಪಣಿಯಿಂದ ತುಂಬಿಕೊಳ್ಳಿ. ಮೆಚ್ಚುಗೆ ಬೇರೆ ಪ್ಯಾರಾದಲ್ಲಿ ಇದೆ, ಗಮನಿಸಿ. ‘ಒಳ್ಳೆಯ ಕೆಲಸಗಾರರು, ಆದರೆ’ ಎಂದು ಒಂದೇ ವಾಕ್ಯಕ್ಕೆ ಪೋಣಿಸಿದರೆ ಓದುವವರಿಗೆ ‘ಆದರೆ’ಯಿಂದ ಆಚೆಯದ್ದು ಮಾತ್ರ ಕಾಣುತ್ತದೆ. ‘ಸುಧಾರಿಸಬೇಕು’ ಎಂಬ ಮಾತು ಎಲ್ಲೂ ಇಲ್ಲದಿರುವುದನ್ನೂ ನೋಡಿ, ಅದರ ಜಾಗಕ್ಕೆ ಹೊತ್ತು ಮತ್ತು ಕೆಲಸ ಬಂದಿವೆ.

ಇದನ್ನು ಕಾರ್ಯದರ್ಶಿಯವರಿಗೆ ಕಳಿಸುವ ಮೊದಲು ಅಣ್ಣನಿಗೆ ತೋರಿಸಿ. ಕೌಂಟರಿನ ಎದುರಲ್ಲ, ಟೆಂಡರ್ ಇಲ್ಲದ ದಿನ, ನಿಮ್ಮ ಕೋಣೆಯಲ್ಲಿ. ಮೊದಲು ಗುರುತು ಮಾಡಿದ ಹಾಳೆಯನ್ನು ಮುಂದಿಟ್ಟು ‘ಅಣ್ಣಾ, ಈ ಮೂರು ದಿನ ಏನಾಗಿತ್ತು?’ ಎಂದು ಕೇಳಿ ಸುಮ್ಮನಿರಿ. ಕರೆಂಟು ಹೋಗಿತ್ತು ಎಂದರೆ ಪರಿಶೀಲಿಸಿ ಆ ದಿನ ಬಿಟ್ಟುಬಿಡಿ, 13 ಇದ್ದದ್ದು 12 ಆಗಲಿ. ಎದುರಿನಲ್ಲಿ ಅಣ್ಣಾ ಎನ್ನುವುದಕ್ಕೂ ಕಾಗದದಲ್ಲಿ ಶ್ರೀಯುತರು ಎಂದು ಬರೆಯುವುದಕ್ಕೂ ಜಗಳವಿಲ್ಲ. ಆ ಕೋಣೆಯಲ್ಲಿ ಹೇಳದೇ ಇದ್ದ ಒಂದು ಸಾಲೂ ವರದಿಯಲ್ಲಿ ಇರಬಾರದು, ಅಷ್ಟೇ.