ಕೊಬ್ಬರಿ ದಾಸ್ತಾನು: ಲಾಭ ಎಂಟು ಲಕ್ಷವೋ, ಆರೋ, ನಾಲ್ಕೋ?

ಪ್ರಶ್ನೆ: ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ. ಖರೀದಿ, ಮಾರಾಟ ಅದೇ ಇದ್ರೂ ಫಿಫೋ ಹಾಕಿದ್ರೆ ಒಂದು ಲಾಭ, ಸರಾಸರಿ ಹಾಕಿದ್ರೆ ಇನ್ನೊಂದು ಬರುತ್ತೆ. ತೆರಿಗೆ ಕಡಿಮೆ ಮಾಡೋಕೆ ಲಿಫೋ ಹಾಕಬಹುದಾ ಸರ್?

ಲಿಫೋ, ಅಂದರೆ ಕೊನೆಗೆ ಕೊಂಡದ್ದೇ ಮೊದಲು ಮಾರಾಟವಾಯಿತು ಅನ್ನೋ ಲೆಕ್ಕ, ಹಾಕುವಂತಿಲ್ಲ. ನಮ್ಮ ಲೆಕ್ಕಪತ್ರ ಮಾನದಂಡ ಎಎಸ್ 2 ಆಗಲಿ, ಆದಾಯ ತೆರಿಗೆಯ ಐಸಿಡಿಎಸ್ 2 ಆಗಲಿ ಅದನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಇದೆ, ಇಲ್ಲಿ ಇಲ್ಲ. ಆದರೂ ಲಾಭ ಯಾಕೆ ಬದಲಾಗುತ್ತೆ ಅನ್ನೋದು ತಿಳಿಯಲು ಮೂರನ್ನೂ ಹಾಕಿ ನೋಡೋಣ.

ವರ್ಷದಲ್ಲಿ ಮೂರು ಸಲ ತಲಾ 100 ಕ್ವಿಂಟಲ್ ಕೊಂಡಿರಿ ಅಂದುಕೊಳ್ಳಿ: ಮೊದಲು 12,000, ಆಮೇಲೆ 14,000, ಕೊನೆಗೆ 16,000 ರೂಪಾಯಿ ದರ. ಒಟ್ಟು 42 ಲಕ್ಷ ಹಾಕಿದಿರಿ. ಅದರಲ್ಲಿ 200 ಕ್ವಿಂಟಲ್ ಅನ್ನು 17,000ದಂತೆ ಮಾರಿ 34 ಲಕ್ಷ ಬಂತು. ಉಳಿದ 100 ಕ್ವಿಂಟಲ್‌ಗೆ ಏನು ಬೆಲೆ ಕಟ್ಟುತ್ತೀರಿ ಅನ್ನೋದರ ಮೇಲೆ ಲಾಭ ನಿಂತಿದೆ. ಫಿಫೋದಲ್ಲಿ ಮೊದಲು ಕೊಂಡದ್ದೇ ಮೊದಲು ಹೋಯಿತು ಅಂತ ಲೆಕ್ಕ, ಹಾಗಾಗಿ ಉಳಿದದ್ದು ಕೊನೆಯ ಲಾಟು, 16 ಲಕ್ಷ. ಮಾರಿದ 34ಕ್ಕೆ ಈ 16 ಕೂಡಿಸಿ, ಕೊಂಡ 42 ಕಳೆದರೆ ಲಾಭ 8 ಲಕ್ಷ. ಸರಾಸರಿಯಲ್ಲಿ ದಾಸ್ತಾನು 14 ಲಕ್ಷ, ಲಾಭ 6 ಲಕ್ಷ. ವರ್ಷಕ್ಕೊಮ್ಮೆ ಲಿಫೋ ಲೆಕ್ಕ ಹಾಕಿದರೆ ದಾಸ್ತಾನು 12 ಲಕ್ಷ, ಲಾಭ 4 ಲಕ್ಷ.

ಕೈಯಲ್ಲಿನ ದುಡ್ಡು ಮಾತ್ರ ಮೂರರಲ್ಲೂ ಒಂದೇ: 42 ಹೋಗಿ 34 ಬಂದಿದೆ, ಎಂಟು ಲಕ್ಷ ಇನ್ನೂ ಗೋದಾಮಿನಲ್ಲಿದೆ. ಫಿಫೋದವನಿಗೆ ದರ ಏರುವಾಗ ಕಷ್ಟ ಆಗೋದು ಇಲ್ಲೇ. ಕೈ ಖಾಲಿ, ಆದರೆ 8 ಲಕ್ಷದ ಲಾಭಕ್ಕೆ ತೆರಿಗೆ ಕಟ್ಟಬೇಕು.

ಆದರೆ ಇದು ಈ ವರ್ಷದ್ದು ಮುಂದಿನ ವರ್ಷಕ್ಕೆ ಹೋಗೋ ವ್ಯತ್ಯಾಸ ಅಷ್ಟೇ. ಉಳಿದ 100 ಕ್ವಿಂಟಲ್ ಮುಂದಿನ ವರ್ಷ 17,000ಕ್ಕೇ ಹೋದರೆ ಅದರ ಮೇಲಿನ ಲಾಭ ಫಿಫೋದಲ್ಲಿ 1 ಲಕ್ಷ, ಸರಾಸರಿಯಲ್ಲಿ 3, ಲಿಫೋದಲ್ಲಿ 5. ಎರಡು ವರ್ಷ ಕೂಡಿದರೆ ಎಲ್ಲದರಲ್ಲೂ 9 ಲಕ್ಷವೇ. ಹಾಗಾಗಿ ಲಾಭ ಕಡಿಮೆ ತೋರಿಸೋಕೆಂದು ವರ್ಷ ವರ್ಷ ಪದ್ಧತಿ ಬದಲಿಸಬೇಡಿ. ಸರಿಯಾದ ಕಾರಣ ಇಲ್ಲದೆ ಬದಲಾಯಿಸಲು ಅವಕಾಶವೂ ಇಲ್ಲ.

ಬಹಳ ಜನ ಬಿಟ್ಟುಬಿಡೋದು ಇನ್ನೊಂದು. ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಖರ್ಚು ಕಳೆದು ಕೈಗೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯದಕ್ಕೆ ಕಟ್ಟಬೇಕು. ಮಾರ್ಚ್ 31ಕ್ಕೆ ದರ ಇಳಿದು, ಹಮಾಲಿ, ಕಮಿಷನ್ ಕಳೆದ ಮೇಲೆ ಕ್ವಿಂಟಲ್‌ಗೆ 13,000 ಮಾತ್ರ ಸಿಗೋ ಹಾಗಿದ್ದರೆ, ಫಿಫೋದ 16 ಲಕ್ಷವೂ ಸರಾಸರಿಯ 14 ಲಕ್ಷವೂ 13 ಲಕ್ಷಕ್ಕೆ ಇಳಿಯುತ್ತವೆ. ಆಗ ಎರಡರಲ್ಲೂ ಲಾಭ 5 ಲಕ್ಷ. ನೀವು ಕೇಳಿದ ವ್ಯತ್ಯಾಸವೇ ಉಳಿಯಲ್ಲ.

ಟ್ಯಾಲಿ ಇದನ್ನು ತಾನಾಗಿ ಮಾಡಲ್ಲ. ಸ್ಟಾಕ್ ಐಟಂನ `Costing Method` ನಲ್ಲಿ ಆರಿಸಿದ ಪದ್ಧತಿಯಂತೆ ಕೊಂಡ ಬೆಲೆಯನ್ನೇ ತೋರಿಸುತ್ತೆ. ಅಲ್ಲಿ ಲಿಫೋ ಆಯ್ಕೆ ಕಂಡರೂ ಮುಟ್ಟಬೇಡಿ. ವರ್ಷದ ಕೊನೆಗೆ `Stock Summary` ತೆಗೆದು, ಒಳ್ಳೆ ಕೊಬ್ಬರಿ, ಬೂಷ್ಟು ಹಿಡಿದದ್ದು ಬೇರೆ ಬೇರೆ ಮಾಡಿ, ಪ್ರತಿಯೊಂದರ ದರವನ್ನೂ ಖರ್ಚು ಕಳೆದ ಆ ದಿನದ ಎಪಿಎಂಸಿ ದರದ ಪಕ್ಕ ಇಟ್ಟು ನೋಡಿ. ಒಂದರ ಏರಿಕೆಯನ್ನು ಇನ್ನೊಂದರ ಇಳಿಕೆಗೆ ಹೊಂದಿಸಬೇಡಿ. ಇಳಿದದ್ದನ್ನು ಮಾತ್ರ ಇಳಿಸಿ, ಆ ದರದ ಪಟ್ಟಿಯನ್ನು ಆಡಿಟರ್‌ಗೆ ಕೊಡಿ.